ನಿಶ್ಚಿತಾರ್ಥ ಆದ ಮೇಲೆ ಹೊರಬಿದ್ದ ಹಳೇ ಮದುವೆ

ಸಂಬಂಧ ನೋಡುತ್ತಿರುವವರು, ಅದರಲ್ಲೂ ಡಿವೋರ್ಸ್ ಆಗಿ ಮತ್ತೆ ಮದುವೆಯ ಮಾತು ಶುರು ಮಾಡಿರುವವರು ದಯವಿಟ್ಟು ಇದನ್ನು ಓದಿ. ನನ್ನ ಮದುವೆ ನಿಶ್ಚಿತಾರ್ಥದ ನಂತರ ಮುರಿಯಿತು. ಹುಡುಗನಿಗೆ ಮೊದಲೇ ಒಂದು ಮದುವೆ ಆಗಿತ್ತು ಅನ್ನುವ ಕಾರಣಕ್ಕೆ ಮುರಿಯಲಿಲ್ಲ. ಮೊದಲೇ ಹೇಳಿದ್ದರೆ ನಾನು ಕೂತು ಕೇಳುತ್ತಿದ್ದೆ, ಬಹುಶಃ ಒಪ್ಪುತ್ತಲೂ ಇದ್ದೆ. ಹೇಳಬೇಕಾದ ಹೊತ್ತನ್ನೆಲ್ಲ ದಾಟಿಸಿ, ಕೊನೆಗೂ ಅರ್ಧ ಮಾತ್ರ ಹೇಳಿದರು.

ಸಂಬಂಧ ಬಂದದ್ದು ಪರಿಚಯದವರ ಕಡೆಯಿಂದ. ಎರಡು ಮನೆಯವರೂ ಮೈಸೂರಿನವರೇ. ಹಿರಿಯರು ಮಾತಾಡಿದ ಮೇಲೂ ನಾವಿಬ್ಬರೂ ಬೇಕಾದಷ್ಟು ದಿನ ಫೋನಿನಲ್ಲಿ ಮಾತಾಡಿದೆವು. ಹಿಂದೆ ಯಾವುದಾದರೂ ಸಂಬಂಧ ಗಟ್ಟಿಯಾಗಿತ್ತಾ ಎಂದು ನಾನೇ ನೇರವಾಗಿ ಕೇಳಿದ್ದೆ. "ಒಂದು ಮಾತುಕತೆ ಆಗಿತ್ತು, ಕೂಡಿಬರಲಿಲ್ಲ" ಅಂದಿದ್ದರು. ಆ ಉತ್ತರದಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ನಿಶ್ಚಿತಾರ್ಥ ಆಯಿತು, ಛತ್ರಕ್ಕೆ ಅಡ್ವಾನ್ಸ್ ಕೊಟ್ಟೆವು.

ಅವರಿಗೆ ಕಂಪನಿಯಿಂದ ಹೊರದೇಶಕ್ಕೆ ಹೋಗುವ ಅವಕಾಶ ಇತ್ತು. ಮದುವೆಯಾದ ತಕ್ಷಣ ನೋಂದಣಿ ಮಾಡಿಸಿದರೆ ವೀಸಾಗೆ ಅನುಕೂಲ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕೊಡುವ ಅರ್ಜಿಯನ್ನು ಮುಂಚೆಯೇ ತುಂಬಿಡೋಣ ಅಂದುಕೊಂಡೆವು. ಹೋಟೆಲಿನಲ್ಲಿ ಕಾಫಿ ಹೇಳಿ ಬರೆಯಲು ಕೂತೆವು. ಹೆಸರು, ಹುಟ್ಟಿದ ತಾರೀಖು, ವಿಳಾಸ ಎಲ್ಲ ಸರಾಗವಾಗಿ ಹೋಯಿತು. ಮದುವೆಯ ಸಮಯದಲ್ಲಿ ವರನ ಸ್ಥಿತಿ, ಅಂದರೆ ಅವಿವಾಹಿತ, ವಿಧುರ, ವಿಚ್ಛೇದಿತ ಎಂದು ಕೇಳುವ ಕಾಲಮ್ಮಿಗೆ ಬಂದಾಗ ಅವರ ಪೆನ್ನು ನಿಂತಿತು. "ಇಲ್ಲಿ ಅವಿವಾಹಿತ ಅಂತಾನೇ ಬರೆಯಲಾ?" ಎಂದು ನನ್ನನ್ನೇ ಕೇಳಿದರು. "ಮತ್ತೇನು ಬರೀತೀರಿ?" ಅಂದೆ. ಪೆನ್ನಿಗೆ ಕ್ಯಾಪ್ ಹಾಕಿ ಪಕ್ಕಕ್ಕಿಟ್ಟರು.

ಆಮೇಲೆ ಬಂತು ವಿಷಯ. ಕೆಲವು ವರ್ಷದ ಹಿಂದೆ ಮದುವೆ ಆಗಿತ್ತು, ಹೊಂದಿಕೆ ಆಗಲಿಲ್ಲ, ಹುಡುಗಿ ತವರಿಗೆ ಹೋದರು. "ಮುಗಿದ ಹಾಗೇನೇ. ಇಬ್ಬರೂ ಸಹಿ ಹಾಕಿದ್ದೀವಿ, ಒಂದೇ ಡೇಟ್ ಬಾಕಿ" ಅಂದರು. ಸಂಬಂಧ ತಂದವರಿಗೂ ಇದು ಗೊತ್ತಿತ್ತು. "ಮದುವೆ ಆದ ಮೇಲೆ ನಿಧಾನಕ್ಕೆ ಹೇಳಿದರಾಯ್ತು" ಎಂದು ಹುಡುಗನ ತಾಯಿಯೇ ತಡೆದಿದ್ದರಂತೆ.

ಆ ಒಂದು ಡೇಟ್ ಏನು ಎಂದು ನಮಗೆ ಅರ್ಥವಾದದ್ದು ಅಪ್ಪ ಪರಿಚಯದ ವಕೀಲರ ಹತ್ತಿರ ಹೋದ ಮೇಲೆ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಲ್ಲಿ ಗಂಡ ಹೆಂಡತಿ ಇಬ್ಬರೂ ಒಪ್ಪಿ ಡಿವೋರ್ಸ್ ಕೇಳಬಹುದು. ಅರ್ಜಿ ಹಾಕುವ ಮುಂಚೆ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು, ಆಮೇಲೆ ಇಬ್ಬರೂ ಮತ್ತೆ ಕೋರ್ಟಿಗೆ ಬಂದು ಒಪ್ಪಿಗೆ ಹೇಳಬೇಕು. ತಕ್ಕ ಕಾರಣ ಇದ್ದರೆ ಆ ಆರು ತಿಂಗಳನ್ನು ಕೋರ್ಟು ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದರೆ ಎರಡನೇ ಸಲದ ಆ ಒಪ್ಪಿಗೆ ಇಲ್ಲದೆ ಡಿವೋರ್ಸ್ ಸಿಗುವುದಿಲ್ಲ, ಮತ್ತು ಡಿಕ್ರಿ, ಅಂದರೆ ಕೋರ್ಟಿನ ಕೊನೆಯ ಆದೇಶ, ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು.

ಇವರ ಕೇಸಿನಲ್ಲಿ ಆದದ್ದೂ ಅದೇ. ಡಿವೋರ್ಸಿಗಾಗಿ ಹೆಂಡತಿಗೆ ಕೊಡಲು ಒಪ್ಪಿದ್ದ ಹಣದಲ್ಲಿ ಒಂದು ಪಾಲನ್ನು ಅರ್ಜಿ ಹಾಕುವಾಗ ಕೊಟ್ಟಿದ್ದರು, ಉಳಿದದ್ದು ಕೊನೆಯ ದಿನ ಡಿಡಿ ರೂಪದಲ್ಲಿ ಕೊಡಬೇಕಿತ್ತು. ಅದು ಹೊಂದಿರಲಿಲ್ಲ. ಹಾಗಾಗಿ ಆ ಹೆಣ್ಣುಮಗಳು ಒಪ್ಪಿಗೆ ಕೊಡಲು ಬರಲಿಲ್ಲ. ಅವರದೇನು ತಪ್ಪು? "ಒಂದೇ ಡೇಟ್ ಬಾಕಿ" ಅನ್ನುವ ಮಾತಿನೊಳಗೆ ಇಷ್ಟೆಲ್ಲ ಇತ್ತು. ಈ ಸ್ಥಿತಿಯಲ್ಲಿ ನಮ್ಮ ಮದುವೆ ನಡೆದಿದ್ದರೆ ಅದು ಕಾನೂನಿನ ಮುಂದೆ ಮದುವೆಯೇ ಅಲ್ಲ. ಹುಡುಗನಿಗೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಂತೆ ಏಳು ವರ್ಷದವರೆಗೆ ಶಿಕ್ಷೆ, ಹಿಂದಿನ ಮದುವೆಯನ್ನು ಮುಚ್ಚಿಟ್ಟಿದ್ದರೆ ಹತ್ತು ವರ್ಷದವರೆಗೆ. ನಾನು ತಾಳಿ ಕಟ್ಟಿಸಿಕೊಂಡೂ ಹೆಂಡತಿ ಆಗುತ್ತಿರಲಿಲ್ಲ. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಡಿವೋರ್ಸ್ ಆದವರಿಗೆ ನಾನು ಹೇಳಬೇಕಾದದ್ದು ಇಷ್ಟು. ನಿಮ್ಮ ಹಳೇ ಸಂಸಾರದ ಕಥೆಯನ್ನೆಲ್ಲ ಮೊದಲ ಫೋನಿನಲ್ಲೇ ಯಾರೂ ಕೇಳುವುದಿಲ್ಲ, ಹೇಳಲೂಬೇಡಿ. ಯಾಕೆ ಬಿಟ್ಟಿರಿ, ಯಾರು ಏನಂದರು ಅನ್ನುವುದೆಲ್ಲ ನಂಬಿಕೆ ಬಂದ ಮೇಲೆ, ಎದುರಾಎದುರು ಕೂತು ನಿಧಾನಕ್ಕೆ ಆಡುವ ಮಾತು. ಆದರೆ ಮದುವೆ ಆಗಿತ್ತು ಅನ್ನುವ ಸಂಗತಿ, ಅದು ಈಗ ಯಾವ ಹಂತದಲ್ಲಿದೆ, ಮಕ್ಕಳಿದ್ದಾರಾ, ಜೀವನಾಂಶ ಕೊಡುವುದು ಬಾಕಿ ಇದೆಯಾ, ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಅದು ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ, ಮನೆಯವರು ಮನೆಯವರು ಕೂಡುವುದಕ್ಕೆ ಮುಂಚೆ ಆಗಬೇಕು. ಒಂದು ಸಲ ಎರಡು ಮನೆಯವರು ಕೂತು ತಟ್ಟೆ ಬದಲಾಯಿಸಿಬಿಟ್ಟರೆ ಕೇಳುವವರಿಗೆ 'ಬೇಡ' ಅನ್ನುವ ಸ್ವಾತಂತ್ರ್ಯವೇ ಇರುವುದಿಲ್ಲ. ನಾನು ಬೇಡ ಅಂದಾಗ ನನ್ನದೇ ಚಿಕ್ಕಪ್ಪ, "ಇಷ್ಟು ದೂರ ಬಂದ ಮೇಲೆ ಹೀಗಾ?" ಎಂದು ನನ್ನನ್ನೇ ಗದರಿಸಿದರು.

ನನ್ನ ದೊಡ್ಡಮ್ಮನ ಮಗಳಿಗೂ ಡಿವೋರ್ಸ್ ಆಗಿದೆ. ಅವಳು ಪ್ರೊಫೈಲಿನಲ್ಲಿ ಅದನ್ನು ಹಾಕಿದ್ದಕ್ಕೆ ಎಂಥೆಂಥವರೋ ಕೆಟ್ಟ ಮೆಸೇಜ್ ಕಳಿಸಿದರು. ಹಾಗಾಗಿ ಹೆಣ್ಣುಮಕ್ಕಳ ಹಿಂಜರಿಕೆ ನನಗೆ ಗೊತ್ತು. ಹಾಗಂತ 'ಮದುವೆಯಾಗಿಲ್ಲ' ಎಂದು ಬರೆಯಲು ಹೋಗಬೇಡಿ. ಅವಳು ಈಗ ಒಂದೆರಡು ಸಲ ಮಾತಾಡಿ, ಮನುಷ್ಯ ಮರ್ಯಾದಸ್ಥ ಅನ್ನಿಸಿದ ಮೇಲೆ, ಭೇಟಿಗೆ ಒಪ್ಪುವ ಮುಂಚೆ ಅವಳ ಬಾಯಿಂದಲೇ ಹೇಳುತ್ತಾಳೆ: "ನನಗೆ ಒಂದು ಸಲ ಮದುವೆ ಆಗಿತ್ತು. ಇಬ್ಬರೂ ಒಪ್ಪಿ ಡಿವೋರ್ಸ್ ತಗೊಂಡ್ವಿ, ಡಿಕ್ರಿ ಆಗಿದೆ, ಮಕ್ಕಳಿಲ್ಲ. ನೀವು ಯೋಚನೆ ಮಾಡಿ ಹೇಳಿ." ಇಷ್ಟು ಹೇಳಿ ಫೋನ್ ಇಡುತ್ತಾಳೆ. ಅಲ್ಲೇ ಉತ್ತರ ಕೇಳುವುದಿಲ್ಲ, ಹಳೇ ಗಂಡನನ್ನು ಬೈಯುವುದೂ ಇಲ್ಲ. ಅವಳು ಆ ಹೊತ್ತನ್ನು ಆರಿಸಿಕೊಳ್ಳುವ ರೀತಿ ನನಗೆ ತುಂಬ ಸರಿ ಕಂಡಿದೆ.

ಕೇಳಿಸಿಕೊಳ್ಳುವವರು ಡಿವೋರ್ಸ್ ಆಗಿದೆಯಾ ಎಂದಷ್ಟೇ ಕೇಳಿ ಬಿಡಬೇಡಿ. ಡಿಕ್ರಿ ಆದ ದಿನ ಯಾವುದು ಎಂದು ಕೇಳಿ. ನಿಜವಾಗಿ ಮುಗಿಸಿಕೊಂಡವರು ಆ ತಾರೀಖನ್ನು ಮರೆತಿರುವುದಿಲ್ಲ. "ಲಾಯರ್ ನೋಡಿಕೊಳ್ತಿದ್ದಾರೆ", "ಹಿರಿಯರು ಕೂತು ಬಗೆಹರಿಸಿದ್ದಾರೆ", "ಛಾಪಾ ಕಾಗದದ ಮೇಲೆ ಬರೆದುಕೊಂಡಿದ್ದೀವಿ" ಅನ್ನುವ ಉತ್ತರ ಬಂದರೆ ಅಲ್ಲೇ ನಿಲ್ಲಿ. ಕೆಲವು ಸಮುದಾಯಗಳ ರೂಢಿಯ ಬಿಡುಗಡೆಗೆ ಕಾಯ್ದೆಯಲ್ಲಿ ಜಾಗ ಇದೆ ನಿಜ, ಆದರೆ ಆ ರೂಢಿ ಇದೆ ಎಂದು ರುಜುವಾತು ಮಾಡಬೇಕಾಗುತ್ತದೆ. ಅಂಥ ಕಾಗದ ಕೈಗೆ ಬಂದರೆ ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ.

ಮಾತು ಗಟ್ಟಿಯಾಗುವ ಹಂತಕ್ಕೆ ಬಂದಾಗ ಡಿಕ್ರಿಯ ದೃಢೀಕೃತ ಪ್ರತಿಯನ್ನು ನೋಡಬೇಕು ಅನ್ನಿ. ವಾಟ್ಸಾಪಿನಲ್ಲಿ ಕಳಿಸಿ ಎನ್ನಬೇಡಿ, ಅದರಲ್ಲಿ ಇನ್ನೊಬ್ಬರ ಹೆಸರು, ವಿಳಾಸವೂ ಇರುತ್ತದೆ. ಎದುರಿಗೆ ಕೂತು ನೋಡಿ: ಕೋರ್ಟಿನ ಮೊಹರು, ಎಂ.ಸಿ. ಎಂದು ಶುರುವಾಗುವ ಕೇಸ್ ನಂಬರು, ತಾರೀಖು, ಮದುವೆ ರದ್ದಾಗಿದೆ ಎಂದು ಹೇಳುವ ಸಾಲು. ಇಬ್ಬರೂ ಒಪ್ಪಿ ತೆಗೆದುಕೊಂಡದ್ದಲ್ಲದೆ ಒಬ್ಬರು ಹೂಡಿ ಗೆದ್ದ ಡಿವೋರ್ಸ್ ಆಗಿದ್ದರೆ ಮೇಲ್ಮನವಿಯ ಅವಧಿ ಮುಗಿದಿದೆಯಾ, ಮೇಲ್ಮನವಿ ಹಾಕಿದ್ದಾರಾ ಎಂದೂ ವಕೀಲರಿಂದ ತಿಳಿದುಕೊಳ್ಳಿ. ಅದು ಇತ್ಯರ್ಥ ಆಗುವ ತನಕ ಅವರು ಮತ್ತೆ ಮದುವೆ ಆಗುವಂತಿಲ್ಲ. ಛತ್ರಕ್ಕೆ ಅಡ್ವಾನ್ಸ್ ಕೊಡುವುದೆಲ್ಲ ಇದಾದ ಮೇಲೆ.