ಬ್ಯಾಕಪ್ ಕೋಡ್ ಇತ್ತು, ಆದರೆ ಬೀಗದ ಒಳಗಿತ್ತು

ನನ್ನ ಮುಖ್ಯ ಇಮೇಲ್ ಖಾತೆಯ ಹೊರಗೆ 11 ದಿನ ನಿಂತಿದ್ದೆ. ಖಾತೆಯನ್ನು ಯಾರೂ ಕದ್ದಿರಲಿಲ್ಲ, ಪಾಸ್‌ವರ್ಡ್ ಕೂಡ ನೆನಪಿತ್ತು. ಮೊಬೈಲ್ ನೀರಿಗೆ ಬಿದ್ದು ಕೆಟ್ಟಿತ್ತು, ಅಷ್ಟೇ.

ಹಳೆಯ ಸಿಮ್ಮನ್ನು ಹೊಸ ಮೊಬೈಲಿಗೆ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಪಾಸ್‌ವರ್ಡ್ ಕೊಟ್ಟ ಮೇಲೆ ಲಾಗಿನ್ ಪರದೆ ಅಥೆಂಟಿಕೇಟರ್ ಆ್ಯಪ್‌ನ ಆರಂಕಿಯ ಕೋಡ್ ಕೇಳಿತು. ಈ ಕೋಡಿಗೂ ಸಿಮ್ಮಿಗೂ ಸಂಬಂಧವಿಲ್ಲ. ಮೊದಲ ದಿನ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಮೊಬೈಲಿನೊಳಗೆ ಕುಳಿತ ಗುಟ್ಟಿನ ಕೀಲಿಯಿಂದ ಅದು 30 ಸೆಕೆಂಡಿಗೊಮ್ಮೆ ಹುಟ್ಟುತ್ತದೆ. ಕೀಲಿ ನೀರುಪಾಲಾಗಿತ್ತು. ಎಸ್ಎಂಎಸ್‌ಗಿಂತ ಆ್ಯಪ್ ಭದ್ರ ಎಂದು ಎಲ್ಲೋ ಓದಿ, ಎಸ್ಎಂಎಸ್ ದಾರಿಯನ್ನು ನಾನೇ ಮುಚ್ಚಿದ್ದೆ. ಓದಿದ್ದು ಸುಳ್ಳಲ್ಲ, ಅರ್ಧ ಓದಿದ್ದೆ.

ಹಳೆಯ ಡೈರಿಯಲ್ಲಿ, ಆ್ಯಪ್ ಕೈಕೊಟ್ಟಾಗ ಬಳಸಲೆಂದು ಮೊದಲೇ ಪಡೆದಿಟ್ಟ ಬ್ಯಾಕಪ್ ಕೋಡ್‌ಗಳ ಹಾಳೆ ಸಿಕ್ಕಾಗ ಜೀವ ಬಂದಂತಾಯಿತು. ಹತ್ತು ಕೋಡ್‌ಗಳಲ್ಲಿ ಮೂರರ ಮೇಲೆ ಗೆರೆ ಎಳೆದಿತ್ತು, ಏಳು ಉಳಿದಿದ್ದವು. ಒಂದೊಂದಾಗಿ ಒತ್ತಿದೆ. ಏಳೂ ತಪ್ಪು. ನಾಲ್ಕನೆಯದನ್ನು ಒತ್ತುವಾಗಲೇ ಅನುಮಾನ ಬಂದಿತ್ತು: ಆ ಹಾಳೆ ಬರೆದ ಎಷ್ಟೋ ದಿನಗಳ ನಂತರ ಹೊಸ ಕೋಡ್‌ಗಳನ್ನು ಪಡೆದಿದ್ದೆನಲ್ಲ? ಹೊಸ ಪಟ್ಟಿ ಹುಟ್ಟಿದ ಕ್ಷಣವೇ ಹಳೆಯದು ಪೂರ್ತಿ ರದ್ದಾಗುತ್ತದೆ. ಹೊಸ ಪಟ್ಟಿಯ ಕಡತವನ್ನು ಜೋಪಾನವಾಗಿ ಇಟ್ಟಿದ್ದು ಅದೇ ಖಾತೆಯ ಕ್ಲೌಡ್ ಸಂಗ್ರಹದಲ್ಲಿ. ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದ ಹಾಗಾಯಿತು.

ಇನ್ನು ರಿಕವರಿ ಇಮೇಲ್, ಅಂದರೆ ಖಾತೆಯನ್ನು ಮರಳಿ ಪಡೆಯಲು ಮೊದಲೇ ಕೊಟ್ಟಿಡುವ ಇನ್ನೊಂದು ವಿಳಾಸ. ಪರದೆಯ ಮೇಲೆ ಮೊದಲ ಎರಡು ಅಕ್ಷರ, ಆಮೇಲೆ ಚುಕ್ಕಿಗಳು ಕಂಡವು. ಅದು ಬಿಟ್ಟುಬಂದ ಕೆಲಸದ ವಿಳಾಸ ಎಂದು ಗುರುತಿಸಲು ಅಷ್ಟೇ ಸಾಕಾಯಿತು. ನಾನು ಹೊರಬಂದ ವಾರವೇ ಅದನ್ನು ಮುಚ್ಚಿದ್ದರು. ಆ ಹೊತ್ತಿನಲ್ಲಿ ಬೇರೆ ವಿಳಾಸ ಸೇರಿಸುವಂತಿಲ್ಲ, ಸೇರಿಸಬೇಕಾದರೆ ಒಳಗಿರಬೇಕು.

ಖಾತೆ ಮರಳಿ ಕೊಡಿ ಎಂದು ಮತ್ತೆ ಮತ್ತೆ ಅರ್ಜಿ ತುಂಬಿ, ‘ಪ್ರಯತ್ನಗಳು ಹೆಚ್ಚಾದವು, ಆಮೇಲೆ ಬನ್ನಿ’ ಎನ್ನಿಸಿಕೊಂಡೆ. ಖಾತೆ ಬಿಡಿಸಿಕೊಡುತ್ತೇವೆ ಎಂದು ಹಣ ಕೇಳುವವರೂ ಸಿಕ್ಕರು. ಅವರನ್ನು ನಂಬಬೇಡಿ, ನಿಮಗಿಲ್ಲದ ಬಾಗಿಲು ಅವರಿಗೂ ಇರುವುದಿಲ್ಲ. ಕೊನೆಗೆ ಕಾಪಾಡಿದ್ದು ಅಕ್ಕನ ಹಳೆಯ ಲ್ಯಾಪ್‌ಟಾಪ್. ‘ಈ ಸಾಧನದಲ್ಲಿ ಮತ್ತೆ ಕೇಳಬೇಡ’ ಎಂಬಲ್ಲಿ ಯಾವಾಗಲೋ ಗುರುತು ಹಾಕಿದ್ದೆನಂತೆ. ಪಾಸ್‌ವರ್ಡ್ ಒಂದರಿಂದಲೇ ಖಾತೆ ತೆರೆದುಕೊಂಡಿತು. ಇದನ್ನು ಜಾಣ್ಮೆ ಎನ್ನಲು ನನಗೆ ನಾಚಿಕೆ.

ಒಳಗೆ ಹೋದ ಕೂಡಲೇ ಹೊಸ ಕೋಡ್‌ಗಳನ್ನು ಪಡೆದೆ. ಗೂಗಲ್ ಖಾತೆಯಾದರೆ `myaccount.google.com` ತಾಣದ ಭದ್ರತಾ ವಿಭಾಗದಲ್ಲಿ `2-Step Verification` ಒಳಗೆ `Backup codes` ಎಂದಿರುತ್ತದೆ. ಎಂಟು ಅಂಕಿಯ ಹತ್ತು ಕೋಡ್‌ಗಳು ಸಿಗುತ್ತವೆ, ಪ್ರತಿಯೊಂದೂ ಒಂದೇ ಸಲಕ್ಕೆ. ಕಾಗದದ ಮೇಲೆ ಬರೆದು, ಹಾಳೆಯ ಮೇಲ್ತುದಿಯಲ್ಲಿ ತಾರೀಖು ಹಾಕಿ, ಹಳೆಯ ಹಾಳೆಯನ್ನು ಹರಿದುಹಾಕಿದೆ. ಆಮೇಲೆ ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಒಂದು ಕೋಡ್ ಬಳಸಿಯೇ ಲಾಗಿನ್ ಆಗಿ ನೋಡಿದೆ. ಒಂದು ಕೋಡ್ ಖರ್ಚಾಯಿತು, ಉಳಿದ ಒಂಬತ್ತರ ಮೇಲೆ ನಂಬಿಕೆ ಬಂತು. ಆ ಹಾಳೆಯ ಒಂದು ಪ್ರತಿ ನನ್ನ ಹತ್ತಿರವಿದೆ, ಇನ್ನೊಂದು ಅಕ್ಕನ ಮನೆಯಲ್ಲಿ.

ರಿಕವರಿ ವಿಳಾಸಕ್ಕೆ ಸ್ವಂತದ, ಕೆಲಸಕ್ಕೆ ಅಂಟಿಕೊಳ್ಳದ ಇಮೇಲ್ ಕೊಟ್ಟೆ. ಅದನ್ನೂ ಆಗಾಗ ತೆರೆಯಬೇಕು. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಮೂಲೆಯಲ್ಲಿ ಬಿದ್ದ ರಿಕವರಿ ವಿಳಾಸ ಸದ್ದಿಲ್ಲದೆ ಮಾಯವಾಗಿರಬಹುದು. ಅದರ ಎರಡನೇ ಹಂತದ ಕೋಡ್ ಕೂಡ ಅದೇ ಮೊಬೈಲಿಗೆ ಬರುವಂತಿದ್ದರೆ ನನ್ನ ಕಥೆಯೇ ಮರುಕಳಿಸುತ್ತದೆ.

ಖಾತೆಯ ಹೊರಗೆ ಸಿಕ್ಕಿಬಿದ್ದಾಗ ನೆರವಾಗಲು ಆಪ್ತರನ್ನು ಮೊದಲೇ ಗೊತ್ತುಮಾಡಿಡುವ ನಂಬಿಕಸ್ಥ ಸಂಪರ್ಕದ ಸೌಲಭ್ಯ ಎಲ್ಲ ಸೇವೆಗಳಲ್ಲಿ ಇಲ್ಲ. ಆ್ಯಪಲ್ ಖಾತೆಗೆ ಐದು ಜನರವರೆಗೆ ಸೇರಿಸಬಹುದು. ನೀವು ಸಿಕ್ಕಿಬಿದ್ದಾಗ ಅವರ ಸಾಧನದಲ್ಲಿ ಒಂದು ಕೋಡ್ ಕಾಣುತ್ತದೆ, ಅದನ್ನು ಅವರು ನಿಮಗೆ ಓದಿ ಹೇಳುತ್ತಾರೆ. ಅದರಿಂದ ನಿಮ್ಮ ಪತ್ರ, ಚಿತ್ರಗಳು ಅವರಿಗೆ ಕಾಣುವುದಿಲ್ಲ. ಒಂದೇ ಎಚ್ಚರ: ಸಂದೇಶದಲ್ಲಿ ಯಾರು ಕೇಳಿದರೂ ಕೋಡ್ ಕಳಿಸಬಾರದು, ಕರೆ ಮಾಡಿ ದನಿ ಕೇಳಿದ ಮೇಲೆಯೇ ಹೇಳಬೇಕು ಎಂದು ಅವರಿಗೆ ಈಗಲೇ ತಿಳಿಸಿಡಿ.

ಇದನ್ನೆಲ್ಲ ಮುಗಿಸಿ ಅಕ್ಕನ ಖಾತೆಯನ್ನೂ ನೋಡೋಣ ಎಂದು ಕುಳಿತೆವು. ಅವಳ ರಿಕವರಿ ವಿಳಾಸದ ಜಾಗದಲ್ಲಿ ನನ್ನ ವಿಳಾಸವಿತ್ತು. 11 ದಿನ ಮುಚ್ಚಿದ್ದ ಅದೇ ವಿಳಾಸ.