ಕಂಟಿನ್ಯೂಟಿಗೆ ಫೋನ್ ಫೋಟೋನಾ, ನೋಟ್‌ಬುಕ್ಕಾ?

ಶೂಟಿಂಗಲ್ಲಿ ಒಂದು ಶಾಟಿಂದ ಇನ್ನೊಂದಕ್ಕೆ ಬಟ್ಟೆ, ವಸ್ತು, ಕೈ, ನೋಟ ಎಲ್ಲ ಹೊಂದೋ ಹಾಗೆ ನೋಡ್ಕೊಳ್ಳೋದೇ ಕಂಟಿನ್ಯೂಟಿ. ಶಿರಸಿ ಕಡೆ ಒಂದು ಮನೆ ಜಗಲೀಲಿ ಅಕ್ಕ ತಮ್ಮ ಕಷಾಯ ಕುಡೀತಾ ಮಾತಾಡೋ ಸೀನ್ ಅಂದ್ಕೊಳ್ಳಿ. ಸೆರಗು ಹೇಗಿತ್ತು, ಅಂಗಿ ತೋಳು ಎಷ್ಟು ಮಡಚಿತ್ತು, ಲೋಟದಲ್ಲಿ ಕಷಾಯ ಎಲ್ಲೀವರೆಗೆ ಇತ್ತು, ಇದಕ್ಕೆಲ್ಲ ಫೋಟೋನೇ ಬೆಸ್ಟ್, ಟೇಕ್ ಶುರುಗೆ ಒಂದು ಕಟ್ ಆದ್ಮೇಲೆ ಒಂದು, ಆದ್ರೆ ಕ್ಲಾಪ್ ಬೋರ್ಡನ್ನೂ ಸೇರಿಸಿ ತೆಗೀರಿ, ಇಲ್ಲಾಂದ್ರೆ ಸಂಜೆಗೆ ಯಾವ ಟೇಕಿಂದು ಅಂತ್ಲೇ ಗೊತ್ತಾಗಲ್ಲ.

ಫೋಟೋ ಸೋಲೋದು ಕೈ ಆಡಿಸೋ ಟೈಮಿಂಗಲ್ಲಿ. "ತಮ್ಮಾ, ನಾಳೆ ಕಾರವಾರಕ್ಕೆ ಹೋಗವು" ಅನ್ನೋ ಮಾತು. ವೈಡ್ ಶಾಟಲ್ಲಿ ಅಕ್ಕ "ಕಾರವಾರ" ಅನ್ನೋವಾಗ ಎಡಗೈಲಿ ಲೋಟ ಎತ್ತಿದ್ಲು, ಕ್ಲೋಸಪ್ಪಲ್ಲಿ ಮಾತು ಮುಗಿಸಿ ಬಲಗೈಲಿ ಎತ್ತಿದ್ರೆ ಲೋಟ ಎಡಗೈಯಿಂದ ಬಲಗೈಗೆ ಜಿಗೀತದೆ, ಎಡಿಟರ್ ಅಲ್ಲಿ ಕಟ್ ಮಾಡೋದೇ ಕಷ್ಟ. ನೋಟ್‌ಬುಕ್ಕಲ್ಲಾದ್ರೆ ಸಂಭಾಷಣೆಯ ಆ ಪದದ ಕೆಳಗೇ "ಎಡಗೈ, ಲೋಟ ಮೇಲೆ" ಅಂತ ಬರೆದ್ರೆ ಮುಗೀತು.

ಪಾತ್ರ ಯಾವ ಕಡೆ ನೋಡ್ತದೆ ಅನ್ನೋದಕ್ಕೂ ಅಷ್ಟೇ. ಅಕ್ಕನ ಕ್ಲೋಸಪ್ಪಲ್ಲಿ ನೋಟ ಕ್ಯಾಮೆರಾ ಬಲಕ್ಕಿದ್ರೆ ತಮ್ಮಂದು ಎಡಕ್ಕೆ, ತಮ್ಮ ನಿಂತಿದ್ರೆ ಅಕ್ಕಂದು ಸ್ವಲ್ಪ ಮೇಲಕ್ಕೂ ಇರ್ಬೇಕು. ಪಕ್ಕದಿಂದ ಫೋನ್ ಹಿಡಿದ್ರೆ ಇದು ಸುಳ್ಳೇ ಕಾಣ್ತದೆ (ನಾನೇ ಮೋಸ ಹೋಗಿದ್ದೆ), ಲೆನ್ಸ್ ಪಕ್ಕಾನೇ ನಿಂತು ತೆಗೀಬೇಕು.

ಕಂಟಿನ್ಯೂಟಿ ಒಬ್ರೇ ನೋಡ್ಕೊಳ್ಳೋದಾದ್ರೆ? ಮಾತು ಜಾಸ್ತಿ ಇರೋ ಸೀನಿಗೆ ನೋಟ್‌ಬುಕ್, ಕಾರವಾರ ಬೀಚಲ್ಲಿ ಒದ್ದೆ ಬಟ್ಟೆ, ಕೆದರಿದ ಕೂದಲು ಅಂತಿದ್ರೆ ಫೋಟೋ.