ಎರಡು ಗೇಟ್‌ವೇ: ದುಡ್ಡು ಬೇಗ ಬರುವುದೋ, ಲೆಕ್ಕ ಸಿಗುವುದೋ?

ಕಲಬುರಗಿಯಿಂದ ತೊಗರಿ ಬೇಳೆ ಆನ್‌ಲೈನಲ್ಲಿ ಮಾರುತ್ತೇನೆ. ಗ್ರಾಹಕರ ಪಾವತಿ ಪಡೆದು ನನ್ನ ಬ್ಯಾಂಕ್ ಖಾತೆಗೆ ಹಾಕುವ ಎರಡು ಪೇಮೆಂಟ್ ಗೇಟ್‌ವೇ ಬಳಸಿ ನೋಡಿದ್ದೇನೆ. ನನಗೆ ಸಿಕ್ಕ ದರ ಎರಡರಲ್ಲೂ ಒಂದೇ: ಕಾರ್ಡ್ ಪಾವತಿಗೆ 2%, ಆ ಶುಲ್ಕದ ಮೇಲೆ 18% ಜಿಎಸ್‌ಟಿ. ವ್ಯತ್ಯಾಸ ಇರುವುದು ಬೇರೆ ಕಡೆ.

ಮೊದಲನೆಯದು ಮರುದಿನವೇ ದುಡ್ಡು ಹಾಕುತ್ತದೆ. ಎರಡನೆಯದಕ್ಕೆ ಎರಡು ಕೆಲಸದ ದಿನ ಬೇಕು. ಶುಕ್ರವಾರ ಮಾರಿದ್ದು, ಎರಡನೇ ಶನಿವಾರ ಅಡ್ಡ ಬಂದರೆ, ಮಂಗಳವಾರ ಬರುತ್ತದೆ. ದಾಲ್ ಮಿಲ್‌ನವರಿಗೆ ಕೈಯಲ್ಲೇ ದುಡ್ಡು ಕೊಡಬೇಕಾದಾಗ ಇದು ಚಿಕ್ಕ ವಿಷಯ ಅಲ್ಲ.

ಆದರೆ ಲೆಕ್ಕ ಹೊಂದಿಸಲು ಕುಳಿತರೆ ಕಥೆಯೇ ಬೇರೆ. ಗೇಟ್‌ವೇ ಹಲವು ಆರ್ಡರ್‌ಗಳ ದುಡ್ಡನ್ನು ಒಟ್ಟುಗೂಡಿಸಿ ಒಂದೇ ಕಂತಾಗಿ ಬ್ಯಾಂಕಿಗೆ ಹಾಕುತ್ತದೆ. ಅಂಥ ಒಂದು ಕಂತು ನೋಡಿ. ₹900, ₹1,800, ₹2,700ರ ಮೂರು ಆರ್ಡರ್, ಒಟ್ಟು ₹5,400. ಶುಲ್ಕ ₹108, ಜಿಎಸ್‌ಟಿ ₹19.44. ಅದೇ ಹೊತ್ತಿಗೆ ಹಳೆಯ ಗ್ರಾಹಕರೊಬ್ಬರಿಗೆ ₹900 ರಿಫಂಡ್. ಬ್ಯಾಂಕಿಗೆ ಬಂದದ್ದು ₹4,372.56. ಈ ಮೊತ್ತಕ್ಕೆ ಸರಿಹೊಂದುವ ಆರ್ಡರ್ ಒಂದೂ ಇಲ್ಲ, ಅಲ್ವಾ? ಇದನ್ನೇ ಮಾರಾಟ ಅಂತ ಬರೆದುಕೊಂಡರೆ ಪುಸ್ತಕವೇ ತಪ್ಪು. ಮಾರಾಟ ₹5,400, ರಿಫಂಡ್ ₹900, ಶುಲ್ಕ, ತೆರಿಗೆ ಎಲ್ಲ ಬೇರೆ ಬೇರೆ ಸಾಲಿಗೆ ಹೋಗಬೇಕು.

ಮೊದಲನೆಯ ಗೇಟ್‌ವೇ ವರದಿ ಆರ್ಡರ್ ಬಂದ ದಿನದ ಪ್ರಕಾರ ಕೂಡಿಸುತ್ತದೆ. ಕಂತು ಮಾತ್ರ ಸಂಜೆ ಯಾವುದೋ ಹೊತ್ತಿಗೆ ಮುಗಿಯುತ್ತದೆ. ರಾತ್ರಿಯ ಆರ್ಡರ್ ಮುಂದಿನ ಕಂತಿಗೆ ಜಾರುತ್ತದೆ, ದಿನದ ಮೊತ್ತ ಬ್ಯಾಂಕಿನ ಮೊತ್ತಕ್ಕೆ ಕೂಡುವುದೇ ಇಲ್ಲ. ರಿಫಂಡ್ ಸಾಲಲ್ಲಿ ಮೂಲ ಆರ್ಡರ್ ನಂಬರೂ ಇರುವುದಿಲ್ಲ. ತಿಂಗಳ ಕೊನೆಗೆ ಸುಮ್ನೆ ತಲೆನೋವು.

ಎರಡನೆಯದು ಪ್ರತಿ ಆರ್ಡರ್ ಎದುರಿಗೆ ಆ ಕಂತಿನ ಯುಟಿಆರ್, ಅಂದರೆ ಬ್ಯಾಂಕ್ ವರ್ಗಾವಣೆಯ ಗುರುತು, ಹಾಕುತ್ತದೆ. ಸ್ಟೇಟ್‌ಮೆಂಟಿನಲ್ಲಿ ಎನ್‌ಇಎಫ್‌ಟಿ ಸಾಲಿನ 16 ಅಕ್ಷರದ ಯುಟಿಆರ್ ನೋಡಿ, ವರದಿಯಲ್ಲಿ ಅದನ್ನೇ ಫಿಲ್ಟರ್ ಮಾಡಿದರೆ ನಾಲ್ಕು ಸಾಲು ಬರುತ್ತವೆ: ಶುಲ್ಕ, ತೆರಿಗೆ ಕಳೆದ ಮೂರು ಮಾರಾಟ, ಒಂದು ಮೈನಸ್ ರಿಫಂಡ್. ಕೂಡಿದರೆ ಪೈಸೆಗೆ ಪೈಸೆ ಸರಿ. ಕಾರ್ಡ್ ರಿಫಂಡಿಗೆ ಎಆರ್‌ಎನ್ ನಂಬರ್ ಕೂಡ ಕೊಡುತ್ತದೆ. “ಅಣ್ಣಾ, ದುಡ್ಡು ಇನ್ನೂ ಬಂದಿಲ್ಲ” ಅಂತ ಫೋನ್ ಮಾಡಿದವರಿಗೆ ಆ ನಂಬರ್ ಕೊಟ್ಟು, ಅವರ ಬ್ಯಾಂಕಿನಲ್ಲಿ ಕೇಳಿ ಎನ್ನಬಹುದು.

ಇದರಲ್ಲೂ ಒಂದು ಕೊರತೆ ಇದೆ. ರಿಫಂಡ್ ಹೋಗುವುದು ಇನ್ನೂ ಬ್ಯಾಂಕಿಗೆ ಬರದ ಬಾಕಿಯಿಂದ. ಮಾರಾಟ ತಣ್ಣಗಾದ ವಾರದಲ್ಲಿ ಬಾಕಿ ಖಾಲಿ, ರಿಫಂಡ್ ಅಲ್ಲೇ ನಿಲ್ಲುತ್ತದೆ, ಗ್ರಾಹಕರು ಬೈಯುವುದು ನನ್ನನ್ನು. ಮೂಲ ಮಾರಾಟದ ಶುಲ್ಕವನ್ನಂತೂ ಎರಡೂ ಕಡೆ ವಾಪಸ್ ಕೊಡುವುದಿಲ್ಲ. ₹900ರ ರಿಫಂಡಿಗೆ ₹21.24 ನನ್ನ ಕೈಯಿಂದಲೇ.

ನಾನು ಎರಡನೆಯದನ್ನೇ ಉಳಿಸಿಕೊಂಡೆ. ರಿಫಂಡಿಗೆಂದೇ ಅದರಲ್ಲಿ ಮುಂಗಡವಾಗಿ ₹2,000 ಹಾಕಿಟ್ಟಿದ್ದೇನೆ. ಮಿಲ್‌ನವರು ಮಂಗಳವಾರದವರೆಗೆ ಕಾಯಲು ಒಪ್ಪಿದ್ದಾರೆ.